ಸೋಮಣ್ಣನ ಸ್ಕಾಟ್‌ಲೆಂಡ್ ಗಡಿಯಾರ

ಕೊಪ್ಪದ ಬಸ್ ಸ್ಟ್ಯಾಂಡಿನ ಎದುರು, ಹಳೇ ಕಟ್ಟಡವೊಂದರ ಮೆಟ್ಟಿಲಿನ ಕೆಳಗೆ, ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದ ಅಂಗಡಿ ಸೋಮನಾಥ್ ಅವರದ್ದು. ವಾಚ್ ರಿಪೇರಿ ಅಂಗಡಿ. ಅದಕ್ಕೆ ಒತ್ತಿಕೊಂಡಿರುವುದು ನನ್ನದು. ಝೆರಾಕ್ಸ್, ಸ್ಕ್ಯಾನ್, ಪಹಣಿ, ಪರೀಕ್ಷೆ ಅರ್ಜಿ, ಎಲ್ಲವೂ ನನ್ನಲ್ಲಿ ಆಗುತ್ತದೆ. ಹತ್ತೊಂಬತ್ತು ವರ್ಷದಿಂದ ನಾವು ಪಕ್ಕದವರು. ಆ ಹತ್ತೊಂಬತ್ತು ವರ್ಷದಲ್ಲಿ ಅವರಷ್ಟು ಹಟಮಾರಿ ಮನುಷ್ಯನನ್ನು ನಾನು ನೋಡಿಲ್ಲ. ನನ್ನ ಗಂಡ ಇದನ್ನು ಕೇಳಿದರೆ ಕನ್ನಡಿ ನೋಡಿಕೋ ಅನ್ನುತ್ತಾರೆ, ಅದು ಬೇರೆ ಮಾತು.

ಸೋಮಣ್ಣನ ಅಪ್ಪ ತೋಟದ ಕೂಲಿ. ಎಡಗಾಲು ಸ್ವಲ್ಪ ಎಳೆಯುತ್ತಿದ್ದ ಮಗ ಮರ ಹತ್ತುವುದು ಆಗದ ಮಾತು ಅಂತ ಹದಿನೆಂಟನೇ ವಯಸ್ಸಿಗೆ ಶಿವಮೊಗ್ಗದಲ್ಲಿ ಒಬ್ಬ ವಾಚ್ ರಿಪೇರಿಯವರ ಹತ್ತಿರ ಬಿಟ್ಟರು. ಐದು ವರ್ಷ ಅಲ್ಲಿ ಕೆಲಸ ಕಲಿತು ಕೊಪ್ಪಕ್ಕೆ ಬಂದು ಕೂತವರು ನಲವತ್ತೆರಡು ವರ್ಷದಿಂದ ಅದೇ ಸ್ಟೂಲಿನ ಮೇಲಿದ್ದಾರೆ. ಮೊಬೈಲು ಬಂದು ವಾಚು ಕಟ್ಟುವವರೇ ಕಡಿಮೆಯಾದರು. ಅಂಗಡಿ ಮುಚ್ಚಿ ಅಂತ ನಾನೇ ನಾಲ್ಕು ಸಲ ಹೇಳಿದ್ದೇನೆ. 'ಮುಚ್ಚಿದ್ರೆ ಬಸ್ಸಿನವ್ರು ಟೈಮ್ ಎಲ್ಲಿ ನೋಡ್ಬೇಕು ಮಾರಾಯ್ತಿ?' ಅನ್ನುತ್ತಾರೆ. ಅದೂ ನಿಜವೇ. ಚಿಕ್ಕಮಗಳೂರು ಬಸ್ಸಿನ ಡ್ರೈವರಿಂದ ಹಿಡಿದು ಮೂಟೆ ಹೊರುವ ಬೂತಪ್ಪನವರೆಗೆ ಎಲ್ಲರೂ ಕಿಸೆಯಲ್ಲಿ ಫೋನಿಟ್ಟುಕೊಂಡೇ ಸೋಮಣ್ಣನ ಗೋಡೆ ನೋಡುತ್ತಾರೆ. ದಿನಾ ಬೆಳಿಗ್ಗೆ ಅವರು ಭದ್ರಾವತಿ ಆಕಾಶವಾಣಿ ಹಚ್ಚಿ, ವಾರ್ತೆಗೆ ಮುಂಚೆ ಬರುವ ಪೀಪ್ ಶಬ್ದಕ್ಕೆ ಕಿವಿಗೊಟ್ಟು, ಗೋಡೆಯ ಗಡಿಯಾರವನ್ನು ತಾಳೆ ನೋಡುವುದು ನನಗೆ ಸುಪ್ರಭಾತ ಇದ್ದ ಹಾಗೆ.

ಅವರಿಗೆ ಒಂದು ನಿಯಮವಿತ್ತು. ಸರಿ ಇರುವ ಗಡಿಯಾರದ ಮುಳ್ಳನ್ನು ಯಾರು ಹೇಳಿದರೂ ಕದಲಿಸುವುದಿಲ್ಲ. ನಮ್ಮ ಕಡೆ ಮನೆ ಗಡಿಯಾರವನ್ನು ಹತ್ತು ನಿಮಿಷ ಮುಂದಿಡುವುದು ರೂಢಿ. ಇರುವ ಒಂದು ಬಸ್ಸು ತಪ್ಪಬಾರದಲ್ಲ. ಆದರೆ ರಿಪೇರಿಗೆ ಕೊಟ್ಟವರು, 'ಹಾಗೇ ಒಂದ್ ಹತ್ತು ನಿಮಿಷ ಮುಂದಿಟ್ಟು ಕೊಡಿ' ಅಂದರೆ ಸೋಮಣ್ಣನ ಮುಖ ಕೆಂಪಾಗುತ್ತಿತ್ತು. 'ಸುಳ್ಳು ಹೇಳೋ ಗಡಿಯಾರ ಬೇಕಾದ್ರೆ ನೀವೇ ಮನೇಲಿ ತಿರುಗಿಸ್ಕೊಳ್ಳಿ. ನನ್ನ ಕೈಯಲ್ಲಿ ಆಗಲ್ಲ' ಅಂತ ಹೇಳಿ ಕಳಿಸುತ್ತಿದ್ದರು. ಒಮ್ಮೆ ನನಗೂ ಹೀಗೇ ಅಂದಿದ್ದಕ್ಕೆ ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದೆ.

ಇಂಥ ಮನುಷ್ಯನ ಅಂಗಡಿಯ ಬಾಗಿಲಲ್ಲಿ ಮೂರು ವರ್ಷ ಸಂಜೆ ಬಸ್ಸಿಗೆ ಕಾದವಳು ಅಂಬಿಕಾ. ಬಾಳಗಡಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಮನೆ ಜಯಪುರದ ಕಡೆ. ಅಪ್ಪ ಲೋಕೇಶ, ಅಮ್ಮ ಸುಮಲತಾ, ಇಬ್ಬರೂ ಕಾಫಿ ತೋಟದಲ್ಲಿ ಕೆಲಸ. ಈ ಹುಡುಗಿಗೆ ಕಲ್ಲುಹೂವಿನ ಹುಚ್ಚು. ಮಸಾಲೆಗೆ ಹಾಕುವ ಕಲ್ಲುಹೂವು, ಮರದ ತೊಗಟೆ ಮೇಲೆ ಬೂದು ಬಣ್ಣಕ್ಕೆ ಹಬ್ಬಿರುತ್ತದಲ್ಲ, ಅದು. ಅಮ್ಮ ಕೆಲಸ ಮಾಡುವ ತೋಟದ ನೆರಳಿನ ಮರಗಳಲ್ಲಿ ಅದರ ಎಷ್ಟು ಜಾತಿ ಇದೆ ಎಂದು ಲೆಕ್ಕ ಹಾಕಿ, ಕಾಗದದ ಪೊಟ್ಟಣಗಳಲ್ಲಿ ಹಾಕಿ, ಹೆಸರು ಬರೆದು ಇಟ್ಟುಕೊಂಡಿದ್ದಳು. ಸೋಮಣ್ಣನ ಭೂತಕನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಅವನ್ನು ನೋಡುತ್ತಿದ್ದಳು. ಬೇರೆ ಯಾರಾದರೂ ಆ ಭೂತಕನ್ನಡಿ ಮುಟ್ಟಿದ್ದರೆ ಸೋಮಣ್ಣ ಕೈ ಮುರಿಯುತ್ತಿದ್ದರು.

ಫೆಬ್ರುವರಿ ಮೊದಲ ವಾರ ಅವಳು ಫೋನು ಹಿಡಿದು ನನ್ನ ಅಂಗಡಿಗೆ ಬಂದಳು. ಸ್ಕಾಟ್‌ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಇಂಥದ್ದನ್ನೇ ಓದುವ ಒಂದು ವರ್ಷದ ಕೋರ್ಸು, ಆಯ್ಕೆಯಾದವರಿಗೆ ಫೀಸು, ಊಟ, ವಿಮಾನ ಎಲ್ಲಾ ಅವರದ್ದೇ. ವರ್ಷಕ್ಕೊಮ್ಮೆ ಮಾತ್ರ. ಕೊನೆ ದಿನ ಮಾರ್ಚ್ ಮೂವತ್ತೊಂದು, ಅಲ್ಲಿಯ ಮಧ್ಯಾಹ್ನ ಹನ್ನೆರಡು ಗಂಟೆ. ಒಂದು ನಿಮಿಷ ತಡವಾದರೂ ತೆಗೆದುಕೊಳ್ಳುವುದಿಲ್ಲ ಎಂದು ದಪ್ಪಕ್ಷರದಲ್ಲಿ ಬರೆದಿದ್ದರು. ಈ ವಿದ್ಯಾರ್ಥಿವೇತನ ಸಿಗದಿದ್ದರೆ ಮುಂದೆ ಓದಿಸುವ ಶಕ್ತಿ ಲೋಕೇಶನಿಗೆ ಇರಲಿಲ್ಲ. ತೋಟದ ಆಫೀಸಿನಲ್ಲಿ ಒಂದು ಕೆಲಸ ಖಾಲಿ ಇದೆ, ಜೂನ್‌ನಿಂದ ಬರಲಿ ಎಂದು ತೋಟದ ಲೆಕ್ಕ ಬರೆಯುವ ರೈಟರು ಆಗಲೇ ಹೇಳಿಟ್ಟಿದ್ದರು.

'ಅಲ್ಲಿ ಹನ್ನೆರಡು ಅಂದ್ರೆ ಇಲ್ಲಿ ಎಷ್ಟು ಗೋದಾವರಕ್ಕ?' ಎಂದು ಕೇಳಿದಳು.

ನಾನು ಗೂಗಲ್‌ನಲ್ಲಿ ಹೊಡೆದೆ. ಅಲ್ಲಿ ಹನ್ನೆರಡು ಆದಾಗ ಇಲ್ಲಿ ಸಂಜೆ ಐದೂವರೆ ಎಂದಿತು. 'ಐದೂವರೆ' ಎಂದೆ. ಮಾರ್ಕರ್ ತೆಗೆದು ನನ್ನ ಕಂಪ್ಯೂಟರಿನ ಪಕ್ಕದ ಗೋಡೆ ಮೇಲೆ ದಪ್ಪಗೆ ಬರೆದೆ: ಅಂಬಿಕಾ, ಮಾ. 31, ಸಂಜೆ 5.30. ಹತ್ತೊಂಬತ್ತು ವರ್ಷದಲ್ಲಿ ನನ್ನಿಂದ ಯಾರ ಅರ್ಜಿಯೂ ತಡವಾಗಿಲ್ಲ ಎಂಬ ಜಂಬ ಬೇರೆ.

ಸೋಮಣ್ಣ ಮಾತ್ರ ಗೂಗಲ್ಲನ್ನು ನಂಬುವವರಲ್ಲ. ತಮ್ಮ ಮಣಿಕಟ್ಟಿನ ವಾಚು ಬಿಚ್ಚಿ ತಲೆಕೆಳಗು ಮಾಡಿ ಹಿಡಿದರು. 'ನೋಡು ಮಗಾ. ಈಗ ನಮ್ಮಲ್ಲಿ ನಾಲ್ಕು ಗಂಟೆ. ಉಲ್ಟಾ ಹಿಡಿದ್ರೆ ಎಷ್ಟು ಕಾಣ್ತದೆ?' ಅಂಬಿಕಾ ನೋಡಿದಳು. ಹತ್ತೂವರೆಯ ಹಾಗೆ ಕಂಡಿತು. 'ಅದೇ ಅಲ್ಲಿಯ ಟೈಮು. ಶಿವಮೊಗ್ಗದಲ್ಲಿ ನಮ್ಮ ಗುರುಗಳು ಹೇಳಿಕೊಟ್ಟಿದ್ದು. ಅದಕ್ಕೆ ನೆಟ್ಟೂ ಬೇಡ, ಕರೆಂಟೂ ಬೇಡ' ಎಂದು ಹೆಮ್ಮೆಪಟ್ಟರು. ನಮಗೂ ಅಲ್ಲಿಗೂ ಐದೂವರೆ ಗಂಟೆ ವ್ಯತ್ಯಾಸ ಇರುವುದರಿಂದ ಅದು ಹಾಗೆ ಹೊಂದುತ್ತದಂತೆ. ನಾನು ನನ್ನ ವಾಚನ್ನೂ ತಿರುಗಿಸಿ ನೋಡಿದೆ, ಸರಿಯಾಗೇ ಇತ್ತು.

ಸೋಮಣ್ಣ ಅಷ್ಟಕ್ಕೇ ಬಿಡಲಿಲ್ಲ. ಯಾರೋ ವಾಪಸ್ ಒಯ್ಯದೆ ಬಿಟ್ಟಿದ್ದ ಹಳೇ ಲೋಲಕದ ಗಡಿಯಾರವೊಂದನ್ನು ಇಳಿಸಿ, ಒರೆಸಿ, ಎಣ್ಣೆ ಬಿಟ್ಟು, ಸ್ಕಾಟ್‌ಲೆಂಡಿನ ಸಮಯಕ್ಕೆ ಇಟ್ಟರು. ಐದೂವರೆ ಗಂಟೆ ಹಿಂದಕ್ಕೆ ತಿರುಗಿಸುವುದು ಬಿಟ್ಟು ಆರೂವರೆ ಗಂಟೆ ಮುಂದಕ್ಕೆ ತಿರುಗಿಸಿದರು. ಗಂಟೆ ಬಡಿಯುವ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ಅದರ ಹೊಟ್ಟೆ ಕೆಡುತ್ತದಂತೆ. ಪ್ರತಿ ಗಂಟೆಗೂ, ಅರ್ಧ ಗಂಟೆಗೂ ಮುಳ್ಳು ನಿಲ್ಲಿಸಿ, ಅದು ಬಡಿದು ಮುಗಿಸುವವರೆಗೆ ಕಾದು, ಮತ್ತೆ ತಿರುಗಿಸಬೇಕು. ಆ ಮಧ್ಯಾಹ್ನ ನನ್ನ ಗಿರಾಕಿಗಳಿಗೆ ಪಹಣಿ ಕೊಡುವಷ್ಟರಲ್ಲಿ ನನ್ನ ತಲೆ ಚಿಟ್ಟು ಹಿಡಿದು ಹೋಯಿತು.

ಗೋಡೆಯ ಮೇಲೆ ಎರಡು ಗಡಿಯಾರ ಬಂದವು. ಒಂದರ ಕೆಳಗೆ ಕೊಪ್ಪ, ಇನ್ನೊಂದರ ಕೆಳಗೆ ಸ್ಕಾಟ್‌ಲೆಂಡ್ ಎಂದು ಬರೆದು ಅಂಟಿಸಿದರು. ಬಸ್ ಸ್ಟ್ಯಾಂಡಿಗೆ ಒಳ್ಳೇ ತಮಾಷೆ ಸಿಕ್ಕಿತು. ಬೂತಪ್ಪ ಮಧ್ಯಾಹ್ನ ಮೂರಕ್ಕೆ ಎರಡನೇ ಟೀ ಕುಡಿಯುತ್ತಾ, 'ಸ್ಕಾಟ್‌ಲೆಂಡಲ್ಲಿ ಇನ್ನೂ ಬೆಳಿಗ್ಗೆ ಅಲ್ವಾ, ಇದು ಮೊದಲ್ನೇದೇ' ಅನ್ನುವುದಕ್ಕೆ ಶುರುಮಾಡಿದ. ಸುಮಲತಾ ಸಂತೆಗೆ ಬಂದವಳು ಆ ಗಡಿಯಾರದ ಮುಂದೆ ನಿಂತು ಕೈಮುಗಿದು ಹೋದಳು. ಲೋಲಕ ಒಂದು ವಾರಕ್ಕೆ ಐದು ಸೆಕೆಂಡು ಕೂಡ ಆಚೀಚೆ ಆಗದಂತೆ ಸೋಮಣ್ಣ ಅದರ ತಿರುಪು ಸರಿಮಾಡುತ್ತಿದ್ದರು.

ಅರ್ಜಿ ನಿಧಾನವಾಗಿ ಭರ್ತಿಯಾಯಿತು. ಮಾರ್ಕ್ಸ್ ಕಾರ್ಡು, ಪಾಸ್‌ಪೋರ್ಟು, ಕಲ್ಲುಹೂವಿನ ಬಗ್ಗೆ ಅವಳು ಬರೆದ ಎರಡು ಪುಟ, ಮೇಷ್ಟ್ರುಗಳ ಶಿಫಾರಸು, ಎಲ್ಲವೂ ಹೋಯಿತು. ಕೊನೆಗೆ ಒಂದೇ ಒಂದು ಕಾಗದ ಉಳಿಯಿತು. ಪಾಠವೆಲ್ಲ ಇಂಗ್ಲಿಷಿನಲ್ಲೇ ನಡೆದಿದೆ ಎಂದು ಪ್ರಿನ್ಸಿಪಾಲರು ಸಹಿ ಹಾಕಿ, ಮೊಹರು ಒತ್ತಿ ಕೊಡುವ ಪತ್ರ. ಅದೂ ಬೇಕು ಎಂದು ವಿಶ್ವವಿದ್ಯಾಲಯದವರು ಮೇಲ್ ಮಾಡಿದ್ದು ಶುಕ್ರವಾರ ರಾತ್ರಿ. ಮಾರನೇ ದಿನ ಅವಳು ಫೋನು ಮಾಡುವಷ್ಟರಲ್ಲಿ ಪ್ರಿನ್ಸಿಪಾಲ್ ಉಮಾಮಹೇಶ್ವರ ಅವರು ಹಬ್ಬಕ್ಕೆಂದು ನರಸಿಂಹರಾಜಪುರದ ಮನೆಗೆ ಹೋಗಿಯಾಗಿತ್ತು. ಭಾನುವಾರ ಯುಗಾದಿ. ಸೋಮವಾರ ರಂಜಾನ್ ರಜೆ. ಆ ಪುಣ್ಯಾತ್ಮರು, 'ಸೋಮವಾರ ಮನೆಗೇ ಬಾಮ್ಮ, ಮೊಹರು ನನ್ನ ಹತ್ರ ಇದೆ' ಅಂದರು.

ಸೋಮವಾರ ಎಂದರೆ ಮೂವತ್ತೊಂದು. ವರ್ಷದ ತೊಡಕು. ಅವತ್ತು ಮಾಡಿದ ಕೆಲಸ ವರ್ಷವಿಡೀ ಕೈಹಿಡಿಯುತ್ತದೆ ಎಂದು ನಮ್ಮಲ್ಲಿ ನಂಬಿಕೆ. ಅದಕ್ಕೇ ನಾನೂ ಅರ್ಧ ಬಾಗಿಲು ತೆಗೆದು ಕೂತಿದ್ದೆ. ಸೋಮಣ್ಣನೂ ಹಬ್ಬದ ಹೊಸ ಅಂಗಿ ಹಾಕಿಕೊಂಡು ಸ್ಟೂಲಿನ ಮೇಲಿದ್ದರು. ಅಂಬಿಕಾ ಬೆಳಿಗ್ಗೆಯೇ ಬಸ್ಸು ಹತ್ತಿ ಹೋದವಳು ಮಧ್ಯಾಹ್ನ ಮೂರು ನಲವತ್ತಕ್ಕೆ ಬಂದು ಇಳಿದಳು. ಪತ್ರ ಹನ್ನೊಂದಕ್ಕೇ ಸಿಕ್ಕಿತ್ತಂತೆ. ಹಬ್ಬದ ಮರುದಿನ ಮನೆಗೆ ಬಂದ ಹುಡುಗಿಯನ್ನು ಊಟ ಮಾಡಿಸದೆ ಕಳಿಸುವುದುಂಟೇ ಎಂದು ಪ್ರಿನ್ಸಿಪಾಲರ ಹೆಂಡತಿ ಕೂರಿಸಿ ಹೋಳಿಗೆ ಬಡಿಸಿದರಂತೆ. ಐದೂವರೆಯವರೆಗೆ ಸಮಯ ಇದೆಯಲ್ಲ ಎಂದು ಇವಳೂ ಮೂರು ಹೋಳಿಗೆ ತಿಂದು ಬಂದಿದ್ದಳು.

'ಸ್ವಲ್ಪ ಸುಧಾರಿಸ್ಕೋ, ಆಮೇಲೆ ಸ್ಕ್ಯಾನ್ ಮಾಡುವಾ' ಎಂದೆ. ಅವಳು ಸೋಮಣ್ಣನ ಬಾಗಿಲಲ್ಲಿ ನಿಂತು ನೀರು ಕುಡಿಯುತ್ತಾ ಫೋನು ನೋಡಿದಳು. ಬಸ್ಸಿನಲ್ಲಿ ಹೊತ್ತು ಹೋಗದೆ, ಫೋನಿನ ಗಡಿಯಾರದಲ್ಲಿ ಆ ವಿಶ್ವವಿದ್ಯಾಲಯ ಇರುವ ಊರಿನ ಹೆಸರು ಸೇರಿಸಿಟ್ಟಿದ್ದಳಂತೆ. ನೋಡಿದವಳು ಗೋಡೆ ನೋಡಿದಳು. ಮತ್ತೆ ಫೋನು ನೋಡಿದಳು.

'ಸೋಮಣ್ಣ, ನಿಮ್ಮ ಗಡಿಯಾರದಲ್ಲಿ ಹತ್ತೂಕಾಲು. ಇದ್ರಲ್ಲಿ ಹನ್ನೊಂದೂಕಾಲು ತೋರಿಸ್ತಿದೆ.'

'ಫೋನು ಹಾಳಾಗಿದೆ' ಎಂದರು ಸೋಮಣ್ಣ, ತಲೆ ಕೂಡ ಎತ್ತದೆ.

'ಫೋನಲ್ಲಿ ಟೈಮ್ ತನ್ನಷ್ಟಕ್ಕೇ ಸರಿಯಾಗ್ತದೆ ಸೋಮಣ್ಣ.'

'ತನ್ನಷ್ಟಕ್ಕೇ ಸರಿಯಾಗೋ ವಸ್ತು ನಾನು ಇನ್ನೂ ನೋಡಿಲ್ಲ.' ಅವರು ವಾಚು ಬಿಚ್ಚಿ ತಲೆಕೆಳಗು ಹಿಡಿದರು. ಹತ್ತೂಕಾಲು. ಗೋಡೆಯ ಗಡಿಯಾರ, ಹತ್ತೂಕಾಲು. 'ಇಬ್ಬರು ಸಾಕ್ಷಿ ಇದ್ದಾರೆ. ಫೋನು ಒಂದು ಸಲ ಆಫ್ ಮಾಡಿ ಆನ್ ಮಾಡು ಮಗಾ.'

ನಾನೂ ಅದನ್ನೇ ಹೇಳಿದೆ. ಇದನ್ನು ಮುಚ್ಚಿಡುವುದಿಲ್ಲ. ಅವಳು ಫೋನು ಆಫ್ ಮಾಡಿ ಆನ್ ಮಾಡಿದಳು. ಆ ಹಳೇ ಫೋನು ಎಚ್ಚರಗೊಳ್ಳಲು ನಾಲ್ಕು ನಿಮಿಷ ತೆಗೆದುಕೊಂಡಿತು. ಎದ್ದಾಗ ಅದು ಹನ್ನೊಂದೂ ಇಪ್ಪತ್ತು ದಾಟಿತ್ತು. ಹುಡುಗಿ ಫೋನನ್ನು ಸೋಮಣ್ಣನ ಮುಂದೆ ಹಿಡಿದಳು.

'ಅಲ್ಲೇ ಇರೋರನ್ನ ಕೇಳುವಾ' ಎಂದು ಸೋಮಣ್ಣ ಎದ್ದರು. ಹರಿಹರಪುರದ ಅಡಿಕೆ ತೋಟದವರ ಮಗಳು ಅರ್ಪಣಾ ಸ್ಕಾಟ್‌ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಅವಳ ಅಜ್ಜಿಯ ಗಡಿಯಾರ ಸೋಮಣ್ಣನ ಸುಪರ್ದಿಯಲ್ಲಿರುವುದರಿಂದ ನಂಬರು ಇತ್ತು. ನನ್ನ ಫೋನಿನಿಂದ ವಾಟ್ಸ್ಯಾಪ್ ಕಾಲ್ ಮಾಡಿ ಸ್ಪೀಕರಿಗೆ ಹಾಕಿದೆ. ಅರ್ಪಣಾ ಎತ್ತಿಕೊಂಡಳು. ಸೋಮಣ್ಣ ಹಲೋ ಅಂದೊಡನೆ ಪಿಸುದನಿಯಲ್ಲಿ ಕೇಳಿದಳು.

'ಯಾರು? ಸೋಮಣ್ಣನಾ? ಅಜ್ಜಿಗೆ ಎಂತ ಆಯ್ತು?'

'ಅಜ್ಜಿಗೆ ಎಂತದೂ ಆಗಿಲ್ಲ ಮಾರಾಯ್ತಿ. ಈಗ ನಿಮ್ಮಲ್ಲಿ ಎಷ್ಟು ಗಂಟೆ?'

'ಹನ್ನೊಂದೂ ಇಪ್ಪತ್ನಾಲ್ಕು.'

'ಸರಿಯಾಗಿ ನೋಡಿ ಹೇಳು. ಹತ್ತೂ ಇಪ್ಪತ್ನಾಲ್ಕು ಇರ್ಬೇಕು.'

'ಅಯ್ಯೋ, ನಿನ್ನೆಯಿಂದ ಒಂದು ಗಂಟೆ ಮುಂದೆ ಹಾಕಿದ್ದಾರೆ ಸೋಮಣ್ಣ. ಪ್ರತಿ ವರ್ಷ ಮಾರ್ಚ್ ಕೊನೇ ಭಾನುವಾರ ಹಾಕ್ತಾರೆ. ರಾತ್ರಿ ಒಂದು ಗಂಟೆ ಇದ್ದಿದ್ದು ಎರಡು ಗಂಟೆ ಆಗ್ತದೆ. ಬೇಸಿಗೇಲಿ ಸಂಜೆ ಬೆಳಕು ಜಾಸ್ತಿ ಹೊತ್ತು ಸಿಗಲಿ ಅಂತ.'

ಸೋಮಣ್ಣ ಫೋನಿನ ಹತ್ತಿರಕ್ಕೆ ಬಗ್ಗಿದರು. 'ಗಡಿಯಾರ ಸರಿ ಇತ್ತಾ?' ಎಂದು ಕೇಳಿದರು.

'ಇತ್ತು.'

'ಸರಿ ಇದ್ದ ಗಡಿಯಾರ ತಿರುಗಿಸಿದ್ರಾ? ಇಡೀ ದೇಶದ್ದಾ?'

'ಇಡೀ ದೇಶದ್ದು. ಸುತ್ತಲಿನ ದೇಶಗಳದ್ದೂ.'

'ಸರ್ಕಾರವೇ?'

'ಸರ್ಕಾರವೇ ಸೋಮಣ್ಣ. ಅಕ್ಟೋಬರ್ ಕೊನೇ ಭಾನುವಾರ ಆ ಒಂದು ಗಂಟೆ ವಾಪಸ್ ಕೊಡ್ತಾರೆ. ನಾನು ಡ್ಯೂಟೀಲಿದ್ದೀನಿ, ಇಡ್ತೀನಿ' ಎಂದು ಅವಳು ಇಟ್ಟಳು.

ನಾನು ಗೂಗಲ್‌ನಲ್ಲಿ ಮತ್ತೆ ಹೊಡೆದೆ, ಈ ಸಲ ತಾರೀಖು ಸೇರಿಸಿ. ಸಂಜೆ ನಾಲ್ಕೂವರೆ ಎಂದಿತು. ಫೆಬ್ರುವರಿಯಲ್ಲಿ ಕೇಳಿದ್ದಕ್ಕೆ ಅದು ಫೆಬ್ರುವರಿಯ ಉತ್ತರ ಕೊಟ್ಟಿತ್ತು. ತಪ್ಪು ಅದರದ್ದಲ್ಲ, ತಾರೀಖು ಹೇಳದೆ ಕೇಳಿದ ನನ್ನದು. ಶನಿವಾರ ರಾತ್ರಿ ಕಳೆದು ಅಲ್ಲಿ ಒಂದು ಗಂಟೆ ಎಂದರೆ ನಮಗೆ ಯುಗಾದಿಯ ಬೆಳಿಗ್ಗೆ ಆರೂವರೆ. ನಾನು ಸೂರ್ಯನಿಗೆ ಕೈಮುಗಿದು ಬೇವು ಬೆಲ್ಲ ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೆ ಅವರು ನಮ್ಮ ಹುಡುಗಿಯ ಒಂದು ಗಂಟೆ ಹಾರಿಸಿದ್ದರು. ಗೋಡೆ ಮೇಲಿನ ನನ್ನ ದಪ್ಪಕ್ಷರ ನೋಡಿ ನನಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು.

ಆಗ ನಮ್ಮಲ್ಲಿ ನಾಲ್ಕಕ್ಕೆ ಎರಡು ನಿಮಿಷ. ಕೈಯಲ್ಲಿ ಮೂವತ್ತೆರಡು ನಿಮಿಷ ಉಳಿದಿತ್ತು.

ಪತ್ರ ಸ್ಕ್ಯಾನರಿಗೆ ಹಾಕಿದೆ. ಮೊಹರು ಚಂದ ಕಾಣಲಿ ಎಂದು ಬಣ್ಣದಲ್ಲಿ, ಎಲ್ಲಕ್ಕಿಂತ ಒಳ್ಳೇ ಗುಣಮಟ್ಟದಲ್ಲಿ ಮಾಡಿದೆ. ಫೈಲು ಐದು ಎಂಬಿ ಆಯಿತು. ಅವರು ಎರಡು ಎಂಬಿ ಮೀರಬಾರದು ಎಂದಿದ್ದರು. ಒಳ್ಳೇದು ಮಾಡಲು ಹೋಗಿ ಐದು ನಿಮಿಷ ಕಳೆದೆ. ಮತ್ತೆ ಸ್ಕ್ಯಾನ್ ಮಾಡಿ ಚಿಕ್ಕದು ಮಾಡಿದೆ. ಅಷ್ಟರಲ್ಲಿ ಸುಮ್ಮನಿದ್ದೆವೆಂದು ಅವರ ಸೈಟು ನಮ್ಮನ್ನು ಹೊರಗೆ ಹಾಕಿತ್ತು. ಅಂಬಿಕಾ ಪಾಸ್‌ವರ್ಡ್ ಹೊಡೆದಳು, ತಪ್ಪು. ಮತ್ತೆ ಹೊಡೆದಳು, ತಪ್ಪು. 'ಮೂರು ಹೋಳಿಗೆ ತಿನ್ಬಾರ್ದಿತ್ತು ಗೋದಾವರಕ್ಕ' ಎಂದು ಅಳುವುದಕ್ಕೆ ಶುರುಮಾಡಿದಳು. 'ಹೋಳಿಗೆ ವಿಷಯ ಆಮೇಲೆ ಅಳು, ಈಗ ಸರಿಯಾಗಿ ಒತ್ತು' ಎಂದು ಗದರಿದೆ. ಗದರದಿದ್ದರೆ ನಾನೂ ಅಳುತ್ತಿದ್ದೆ.

ಆ ಹೊತ್ತಿಗೆ ಸರಿಯಾಗಿ ಪಕ್ಕದಲ್ಲಿ ಢಣ್ ಎಂದು ಗಡಿಯಾರ ಬಡಿಯತೊಡಗಿತು. ಒಂದು, ಎರಡು, ಮೂರು. ಹನ್ನೆರಡಾಯಿತೇ ಎಂದು ಇಬ್ಬರೂ ಕೀಬೋರ್ಡ್ ಬಿಟ್ಟು ಎದ್ದೆವು. ಬಗ್ಗಿ ನೋಡಿದರೆ ಸೋಮಣ್ಣ ಸ್ಟೂಲು ಹತ್ತಿ ನಿಂತು ಸ್ಕಾಟ್‌ಲೆಂಡಿನ ಮುಳ್ಳನ್ನು ಮುಂದಕ್ಕೆ ತಿರುಗಿಸುತ್ತಿದ್ದಾರೆ. ಹನ್ನೊಂದರ ಹತ್ತಿರ ನಿಲ್ಲಿಸಿ, ಅದು ಹನ್ನೊಂದೂ ಬಡಿದು ಮುಗಿಸಲಿ ಎಂದು ಕಾಯುತ್ತಿದ್ದಾರೆ.

'ಈಗ ಬೇಕಾ ಅದು?' ಎಂದು ಕೂಗಿದೆ.

'ಸುಳ್ಳು ಸಮಯ ಗೋಡೆ ಮೇಲೆ ಇರಬಾರದು' ಎಂದರು. ಮುಂದೆ ತಿರುಗಿಸಿದರು. ಹನ್ನೊಂದೂವರೆಗೆ ಮತ್ತೊಮ್ಮೆ ಢಣ್ ಅಂತು. ನಾನು ಹಲ್ಲು ಕಚ್ಚಿಕೊಂಡೆ.

ಮೂರನೇ ಸಲ ಪಾಸ್‌ವರ್ಡ್ ಸರಿಯಾಯಿತು. ಫೈಲು ಏರಿತು. ಪಕ್ಕದಲ್ಲಿ ಹಸಿರು ಟಿಕ್ ಬಂತು. ಹೇಳಿದ್ದೆಲ್ಲ ನಿಜ ಎಂಬ ಪೆಟ್ಟಿಗೆಗೆ ಗುರುತು ಹಾಕಿ ಅಂಬಿಕಾ ಕೊನೆಯ ಗುಂಡಿ ಒತ್ತಿದಳು. ತೆರೆಯ ಮೇಲೆ ಒಂದು ಚಕ್ರ ಸುತ್ತತೊಡಗಿತು. ಜನ್ಮದಲ್ಲಿ ಅಷ್ಟು ದೇವರನ್ನು ನಾನು ಒಟ್ಟಿಗೆ ನೆನೆದಿಲ್ಲ. ಆಮೇಲೆ ಅವಳ ಫೋನಿಗೆ ಮೇಲ್ ಬಂತು. ಅರ್ಜಿ ತಲುಪಿದೆ, ಸಮಯ ಹನ್ನೊಂದೂ ಐವತ್ತೊಂದು.

ಯಾರೂ ಕೇಕೆ ಹಾಕಲಿಲ್ಲ. ಹುಡುಗಿ ಹೋಗಿ ಸೋಮಣ್ಣನ ಬಾಗಿಲಲ್ಲಿ ಕುಸಿದು ಕೂತಳು. ನಾನೂ ಹೋಗಿ ನಿಂತೆ. ಒಂಬತ್ತು ನಿಮಿಷ ಮೂವರೂ ಆ ಗಡಿಯಾರ ನೋಡುತ್ತಾ ಇದ್ದೆವು. ಅದು ಹನ್ನೆರಡು ಬಡಿಯಿತು. ಅಂಬಿಕಾ ಫೋನಿನಲ್ಲಿ ಆ ಪುಟವನ್ನು ಮತ್ತೆ ತೆರೆದಳು. ಅರ್ಜಿ ಸ್ವೀಕಾರ ಮುಗಿದಿದೆ ಎಂದಿತ್ತು.

'ನಲವತ್ತೆರಡು ವರ್ಷದಲ್ಲಿ ಮೊದಲ್ನೇ ಸಲ ಸರಿ ನಡೆಯೋ ಗಡಿಯಾರಕ್ಕೆ ಕೈ ಹಾಕಿದೆ' ಎಂದರು ಸೋಮಣ್ಣ. 'ನನ್ನ ಹಟಕ್ಕೆ ನಿನ್ನ ಹದಿನೈದು ನಿಮಿಷ ಹೋಯ್ತು ಮಗಾ. ಹಾಗಾಗಬಾರದಿತ್ತು.' ಅವರ ಬಾಯಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು, ನನಗೆ ಸಂಕಟವಾಯಿತು. ನಾನು ಒಳಗೆ ಹೋಗಿ ಸ್ಪಿರಿಟ್ ಹಾಕಿ ಗೋಡೆಯ ಮೇಲಿನ ಐದೂವರೆಯನ್ನು ತಿಕ್ಕಿ ತಿಕ್ಕಿ ಅಳಿಸಿದೆ.

ಮಳೆಗಾಲದ ಶುರುವಿನಲ್ಲಿ ಅವಳಿಗೆ ಆಯ್ಕೆಯ ಪತ್ರ ಬಂತು. ತೋಟದ ರೈಟರು ಆ ಕೆಲಸಕ್ಕೆ ಬೇರೆಯವರನ್ನು ನೋಡಿಕೊಂಡರು. ಸೆಪ್ಟೆಂಬರಿನಲ್ಲಿ ಹೊರಡುವಾಗ ಸೋಮಣ್ಣ ಆ ಭೂತಕನ್ನಡಿಯನ್ನು ಒಂದು ಡಬ್ಬಿಯಲ್ಲಿ ಹತ್ತಿ ಇಟ್ಟು ಅವಳಿಗೆ ಕೊಟ್ಟರು. ತಮಗೆ ಹೊಸದು ತರಿಸಿಕೊಂಡು, ಅದು ಸರಿ ಇಲ್ಲ ಎಂದು ಇವತ್ತಿಗೂ ಬಯ್ಯುತ್ತಾರೆ.

ಅಕ್ಟೋಬರ್ ಕೊನೆಯ ಭಾನುವಾರ ಬೆಳಿಗ್ಗೆ ನಾನು ಹಾಲು ತರಲು ಹೋಗಿದ್ದೆ. ಸೋಮಣ್ಣನ ಅಂಗಡಿ ತೆರೆದಿತ್ತು. ಅವರು ಸ್ಕಾಟ್‌ಲೆಂಡಿನ ಗಡಿಯಾರದ ಎದುರು ನಿಂತಿದ್ದರು. ಕೊಪ್ಪದ ಗಡಿಯಾರ ಆರೂವರೆಗೆ ಬಂದಾಗ ಅದು ಎರಡು ಬಡಿಯಿತು. ಅವರು ಬೆರಳಿಟ್ಟು ಲೋಲಕ ನಿಲ್ಲಿಸಿದರು. ಹಿಂದಕ್ಕೆ ತಿರುಗಿಸುವ ಹಾಗಿಲ್ಲವಲ್ಲ, ಒಂದು ಗಂಟೆ ನಿಲ್ಲಿಸಿಡಬೇಕು. ಆಮೇಲೆ ಸ್ಟೂಲು ಎಳೆದುಕೊಂಡು ಅದರ ಎದುರು ಕೂತರು.

'ಹನ್ನೊಂದು ಗಂಟೆ ಮುಂದೆ ತಿರುಗಿಸಿದ್ರೂ ಆಗ್ತಿತ್ತಲ್ಲ?' ಎಂದೆ.

'ಅಷ್ಟು ಸುಳ್ಳು ಯಾಕೆ ಹೇಳಿಸ್ಬೇಕು ಅದ್ರ ಕೈಲಿ?'

'ಹಾಗಾದ್ರೆ ಮನೆಗೆ ಹೋಗಿ ತಿಂಡಿ ತಿಂದು ಬನ್ನಿ. ನಿಂತ ಗಡಿಯಾರ ಎಲ್ಲಿಗೆ ಓಡಿಹೋಗ್ತದೆ?'

'ಅವತ್ತು ಕಿತ್ಕೊಂಡಿದ್ದನ್ನ ಇವತ್ತು ವಾಪಸ್ ಕೊಡ್ತಿದ್ದಾರೆ ಮಾರಾಯ್ತಿ. ಪೂರಾ ಕೊಡ್ತಾರಾ ನೋಡ್ಬೇಕು' ಎಂದರು. ಕೊಪ್ಪದ ಗಡಿಯಾರದ ಕಡೆ ನೋಡಿ, 'ಅಲ್ಲಿ ಇನ್ನೂ ರಾತ್ರಿ. ಹುಡುಗಿ ಮಲಗಿರ್ತಾಳೆ. ಒಂದು ಗಂಟೆ ಜಾಸ್ತಿ ಮಲಗ್ಲಿ' ಎಂದರು.

ನಾನು ಹಾಲಿನ ಪ್ಯಾಕೆಟ್ ಕೈಯಲ್ಲಿ ಹಿಡಿದುಕೊಂಡೇ ಬಾಗಿಲಲ್ಲಿ ಕೂತೆ. ಏಳೂವರೆಗೆ ಅವರು ಎದ್ದು ಲೋಲಕವನ್ನು ಮೆಲ್ಲಗೆ ತಳ್ಳಿದರು.